ತಾಮ್ರದ ನೀಲಿಯ ಹಿಂದೆ ಒಂದು ಸೊಟ್ಟ ಅಷ್ಟಮುಖಿ

ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ನೀರಿಗೆ ಹಾಕಿ ಕಲಕಿದರೆ ತಿಳಿ ನೀಲಿ ದ್ರಾವಣ ಸಿಗುತ್ತದೆ. ಅದಕ್ಕೆ ಧಾರಾಳವಾಗಿ ಅಮೋನಿಯಾ ಸುರಿದರೆ ಕಡುನೀಲಿ ಆಗುತ್ತದೆ. ಇಷ್ಟನ್ನು ಲ್ಯಾಬ್‌ನಲ್ಲಿ ಬಹಳ ಜನ ನೋಡಿರುತ್ತಾರೆ. ತಲೆನೋವು ಶುರುವಾಗುವುದು ಆಮೇಲೆ, ಆ ತಿಳಿ ನೀಲಿ ದ್ರಾವಣವನ್ನು, ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೊಫೋಟೋಮೀಟರ್‌ನಲ್ಲಿಟ್ಟು ಗ್ರಾಫ್ ತೆಗೆದಾಗ. ಲೆಕ್ಕದ ಪ್ರಕಾರ ಒಂದೇ ಒಂದು ಅಂದವಾದ ದಿಬ್ಬ ಬರಬೇಕು. ಬರುವುದು ಮಾತ್ರ ಅಗಲವಾದ, ಒಂದು ಕಡೆಗೆ ವಾಲಿದ, ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗದ ಗುಡ್ಡ. ನಾನು ಮೊದಲ ಸಲ ಅದನ್ನು ನೋಡಿದಾಗ ದ್ರಾವಣ ತುಂಬುವ ಪುಟ್ಟ ಕ್ಯುವೆಟ್ ಕೊಳೆಯಾಗಿದೆ ಅಂದುಕೊಂಡು ಮೂರು ಸಲ ತೊಳೆದಿದ್ದೆ. ಗ್ರಾಫ್ ಹಾಗೇ ಇತ್ತು.

ತಪ್ಪು ಕ್ಯುವೆಟ್‌ನದ್ದಲ್ಲ. ತಾಮ್ರದ ಸುತ್ತ ಇರುವ ಆರು ನೀರಿನ ಅಣುಗಳು ಸಮ ದೂರದಲ್ಲಿ ನಿಲ್ಲಲು ಒಪ್ಪುವುದಿಲ್ಲ. ಆ ಒಪ್ಪದಿರುವಿಕೆಯೇ ಗ್ರಾಫ್‌ನಲ್ಲಿ ವಾಲಿದ ಗುಡ್ಡವಾಗಿ ಕಾಣುತ್ತದೆ. ಯಾಕೆ ಒಪ್ಪುವುದಿಲ್ಲ, ಅದರಿಂದ ಗ್ರಾಫ್ ಹೇಗೆ ಬದಲಾಗುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

## ಆರು ದಿಕ್ಕು, ಐದು ಆರ್ಬಿಟಲ್

ಒಂದು ಲೋಹದ ಅಯಾನನ್ನು ನಡುವೆ ಇಟ್ಟುಕೊಳ್ಳಿ. ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಮುಂದೆ, ಹಿಂದೆ ಒಂದೊಂದು ಅಣು ಅಂಟಿಕೊಂಡಿದೆ. ಹೀಗೆ ಅಂಟಿಕೊಳ್ಳುವ ಅಣುವಿಗೆ ಲಿಗಾಂಡ್ ಅನ್ನುತ್ತಾರೆ. ಆರು ತುದಿಗಳನ್ನು ಗೆರೆಗಳಿಂದ ಸೇರಿಸಿದರೆ ಎಂಟು ಮುಖಗಳ ಆಕಾರ ಬರುತ್ತದೆ. ಅದೇ ಅಷ್ಟಮುಖಿ. ಆರೂ ಲಿಗಾಂಡ್‌ಗಳು ಒಂದೇ ಬಗೆಯವಾಗಿ, ಒಂದೇ ದೂರದಲ್ಲಿದ್ದರೆ ಅದು ಪಕ್ಕಾ ಅಷ್ಟಮುಖಿ. ಮೂರು ಅಕ್ಷಗಳಲ್ಲಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ.

ಲೋಹದ ಹೊರಗಿನ ಎಲೆಕ್ಟ್ರಾನ್‌ಗಳು d ಆರ್ಬಿಟಲ್ ಎಂಬ ಐದು ಜಾಗಗಳಲ್ಲಿ ಇರುತ್ತವೆ. ಒಂದೊಂದರಲ್ಲೂ ಹೆಚ್ಚೆಂದರೆ ಎರಡು ಎಲೆಕ್ಟ್ರಾನ್ ಹಿಡಿಸುತ್ತದೆ. ಲೋಹ ಒಂಟಿಯಾಗಿದ್ದಾಗ ಐದಕ್ಕೂ ಶಕ್ತಿ ಒಂದೇ. ಲಿಗಾಂಡ್‌ಗಳು ಸುತ್ತುವರಿದ ಮೇಲೆ ಹಾಗಿರುವುದಿಲ್ಲ. ಲಿಗಾಂಡ್‌ನ ಎಲೆಕ್ಟ್ರಾನ್‌ಗಳಿಗೂ ಲೋಹದ ಎಲೆಕ್ಟ್ರಾನ್‌ಗಳಿಗೂ ಆಗಿಬರುವುದಿಲ್ಲ. ಎರಡೂ ಋಣವಿದ್ಯುತ್ತಿನವು, ಹಾಗಾಗಿ ಒಂದನ್ನೊಂದು ತಳ್ಳುತ್ತವೆ.

ಐದರಲ್ಲಿ ಎರಡು ಆರ್ಬಿಟಲ್‌ಗಳು ನೇರವಾಗಿ ಲಿಗಾಂಡ್‌ಗಳ ಕಡೆಗೇ ಮುಖ ಮಾಡಿವೆ. ಒಂದು dz², ಇದು ಮುಖ್ಯವಾಗಿ ಮೇಲೆ-ಕೆಳಗೆ ಚಾಚಿದೆ. ಇನ್ನೊಂದು dx²−y², ಇದು ಅಡ್ಡ ಸಮತಲದ ನಾಲ್ಕು ಲಿಗಾಂಡ್‌ಗಳತ್ತ ಚಾಚಿದೆ. ಇವೆರಡರಲ್ಲಿ ಕೂರುವ ಎಲೆಕ್ಟ್ರಾನ್‌ಗೆ ತಳ್ಳಾಟ ಜಾಸ್ತಿ, ಹಾಗಾಗಿ ಇವುಗಳ ಶಕ್ತಿ ಮೇಲೇರುತ್ತದೆ. ಉಳಿದ ಮೂರು (dxy, dxz, dyz) ಲಿಗಾಂಡ್‌ಗಳ ನಡುವಿನ ಸಂದಿಯಲ್ಲಿ ಚಾಚಿಕೊಂಡಿವೆ. ಅವುಗಳ ಶಕ್ತಿ ಕೆಳಗೆ ಉಳಿಯುತ್ತದೆ. ಮೇಲಿನ ಜೋಡಿಗೆ eg ಅಂತಲೂ ಕೆಳಗಿನ ಮೂರಕ್ಕೆ t2g ಅಂತಲೂ ಹೆಸರು. ನಡುವಿನ ಅಂತರಕ್ಕೆ Δ ಗುರುತು.

ನಮಗೆ ಇಲ್ಲಿ ಬೇಕಾದ ಒಂದೇ ಪಾರಿಭಾಷಿಕ ಪದ ಡಿಜೆನರೇಟ್. ಎರಡು ಅಥವಾ ಹೆಚ್ಚು ಸ್ಥಿತಿಗಳಿಗೆ ಶಕ್ತಿ ಒಂದೇ ಇದ್ದರೆ ಅವು ಡಿಜೆನರೇಟ್. ಪಕ್ಕಾ ಅಷ್ಟಮುಖಿಯಲ್ಲಿ eg ಜೋಡಿಯ ಎರಡೂ ಆರ್ಬಿಟಲ್‌ಗಳಿಗೆ ಶಕ್ತಿ ಸಮ.

## ತಕ್ಕಡಿಯಲ್ಲಿ ಮೂರು ಕಲ್ಲು

ಮೈಲುತುತ್ತದಲ್ಲಿ ಇರುವುದು Cu²⁺. ಅದರ d ಆರ್ಬಿಟಲ್‌ಗಳಲ್ಲಿ ಒಟ್ಟು 9 ಎಲೆಕ್ಟ್ರಾನ್. ಆರು ಕೆಳಗಿನ ಮೂರರಲ್ಲಿ ಭರ್ತಿಯಾಗುತ್ತವೆ. ಉಳಿದ ಮೂರು ಮೇಲಿನ ಜೋಡಿಗೆ ಹೋಗಬೇಕು.

eg ಜೋಡಿಯನ್ನು ಎರಡು ತಟ್ಟೆಯ ತಕ್ಕಡಿ ಅಂದುಕೊಳ್ಳಿ. ಕೈಯಲ್ಲಿ ಮೂರು ಸಮ ತೂಕದ ಕಲ್ಲುಗಳಿವೆ. ಹೇಗೆ ಇಟ್ಟರೂ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂದು. ತಕ್ಕಡಿ ವಾಲಲೇಬೇಕು. ಪಕ್ಕದ ನಿಕಲ್ ನೋಡಿ: Ni²⁺ ನಲ್ಲಿ 8 ಎಲೆಕ್ಟ್ರಾನ್, ಮೇಲಿನ ತಟ್ಟೆಗಳಿಗೆ ಒಂದೊಂದು, ಸಮತೋಲ. ಇನ್ನೊಂದು ಪಕ್ಕದ ಸತು: Zn²⁺ ನಲ್ಲಿ 10, ಎರಡೆರಡು, ಮತ್ತೆ ಸಮತೋಲ. ನಡುವೆ ಸಿಕ್ಕಿಬಿದ್ದ ತಾಮ್ರಕ್ಕೆ ಮಾತ್ರ ಈ ಪಾಡು.

ಮೂರರಲ್ಲಿ ಎರಡು ಎಲೆಕ್ಟ್ರಾನ್ dz² ನಲ್ಲಿ ಕೂತವು ಅನ್ನಿ. ಆಗ ಮೇಲಿನ ಮತ್ತು ಕೆಳಗಿನ ಲಿಗಾಂಡ್‌ಗಳಿಗೆ ತಳ್ಳಾಟ ಜಾಸ್ತಿ, ಅಡ್ಡ ಸಮತಲದ ನಾಲ್ಕಕ್ಕೆ ಕಡಿಮೆ. ಮೇಲೆ-ಕೆಳಗಿನವು ಸ್ವಲ್ಪ ದೂರ ಸರಿಯುತ್ತವೆ, ನಾಲ್ಕು ಸ್ವಲ್ಪ ಒಳಗೆ ಬರುತ್ತವೆ. ಅಷ್ಟಮುಖಿ ಉದ್ದಕ್ಕೆ ಎಳೆದಂತಾಗುತ್ತದೆ. ಎರಡು ಎಲೆಕ್ಟ್ರಾನ್ dx²−y² ನಲ್ಲಿ ಕೂತರೆ ಉಲ್ಟಾ: ಅಷ್ಟಮುಖಿ ಚಪ್ಪಟೆಯಾಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಸಮ ದೂರದ ಆಕಾರ ಉಳಿಯುವುದಿಲ್ಲ.

ಇದನ್ನು ಎಲ್ಲ ಅಣುಗಳಿಗೂ ಅನ್ವಯಿಸುವಂತೆ ಗಣಿತದಲ್ಲಿ ಸಾಧಿಸಿದ್ದು ಹರ್ಮನ್ ಯಾನ್ ಮತ್ತು ಎಡ್ವರ್ಡ್ ಟೆಲ್ಲರ್, 1937ರಲ್ಲಿ. ಸರಳವಾಗಿ ಹೇಳುವುದಾದರೆ: ಸರಳರೇಖೆಯಲ್ಲಿ ಇಲ್ಲದ ಯಾವುದೇ ಅಣು ಎಲೆಕ್ಟ್ರಾನ್‌ಗಳ ಡಿಜೆನರೇಟ್ ಸ್ಥಿತಿಯಲ್ಲಿದ್ದರೆ ಅದು ಸ್ಥಿರವಲ್ಲ, ಅದು ಸೊಟ್ಟಗಾಗಿ ಆ ಸಮಾನತೆಯನ್ನು ಮುರಿದುಕೊಳ್ಳುತ್ತದೆ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಇದಕ್ಕೆ ಜಾನ್-ಟೆಲ್ಲರ್ ಪರಿಣಾಮ ಅನ್ನುವುದೂ ಉಂಟು. ಈ ನಿಯಮಕ್ಕೆ ಒಂದು ಮಿತಿ ಇದೆ, ಅದನ್ನು ಮರೆಯುವವರೇ ಜಾಸ್ತಿ. ಸೊಟ್ಟಗಾಗುತ್ತದೆ ಅಂತ ಅದು ಹೇಳುತ್ತದೆ. ಉದ್ದಕ್ಕೋ ಚಪ್ಪಟೆಗೋ, ಎಷ್ಟು ಅನ್ನುವುದನ್ನು ಹೇಳುವುದಿಲ್ಲ. ಅದನ್ನು ಅಳೆದೇ ತಿಳಿಯಬೇಕು.

ಅಳೆದರೆ ತಾಮ್ರ ಹೆಚ್ಚಿನ ಪಾಲು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಘನ CuF2 ನಲ್ಲಿ ನಾಲ್ಕು ಫ್ಲೋರಿನ್‌ಗಳು 1.93 ಆಂಗ್‌ಸ್ಟ್ರಾಂ ದೂರದಲ್ಲಿವೆ, ಎರಡು 2.27 ದೂರದಲ್ಲಿವೆ. ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ. ಆರು ನೀರಿನ ಅಣುಗಳ ತಾಮ್ರದಲ್ಲಿ ನಾಲ್ಕು ಸುಮಾರು 1.96ರಲ್ಲಿ, ಉಳಿದೆರಡು ಸುಮಾರು 2.3ರ ಆಸುಪಾಸಿನಲ್ಲಿ. ಆರಕ್ಕೂ ಒಂದೇ ಲಿಗಾಂಡ್ ಇದ್ದರೂ ಹೀಗೆ, ಇದೇ ವಿಶೇಷ. ಮೈಲುತುತ್ತದ ಹರಳಿನಲ್ಲಿ ಲಿಗಾಂಡ್‌ಗಳೇ ಬೇರೆ ಬೇರೆ. ಸಮತಲದಲ್ಲಿ ನಾಲ್ಕು ನೀರು ಹತ್ತಿರ, ಮೇಲೆ-ಕೆಳಗೆ ಸಲ್ಫೇಟ್‌ನ ಎರಡು ಆಮ್ಲಜನಕ ದೂರ. ಐದನೆಯ ನೀರು ತಾಮ್ರಕ್ಕೆ ಅಂಟಿಕೊಂಡೇ ಇಲ್ಲ, ಪಕ್ಕದಲ್ಲಿ ಹೈಡ್ರೋಜನ್ ಬಂಧದಿಂದ ನಿಂತಿದೆ.

## ಸೊಟ್ಟಗಾದರೆ ಲಾಭ ಏನು?

ಉದ್ದಕ್ಕೆ ಎಳೆದಾಗ dz² ನ ಶಕ್ತಿ ಇಳಿಯುತ್ತದೆ, dx²−y² ನದು ಏರುತ್ತದೆ. ಇವೆರಡರ ನಡುವೆ ಬಿರುಕು ಬಿದ್ದ ಅಂತರವನ್ನು δ ಅನ್ನೋಣ. ಮೊದಲಿನ ಮಟ್ಟದಿಂದ ಒಂದು δ/2 ಕೆಳಗೆ, ಇನ್ನೊಂದು δ/2 ಮೇಲೆ.

ಎರಡು ಎಲೆಕ್ಟ್ರಾನ್ ಕೆಳಗೆ ಹೋದವು, ಒಟ್ಟು ಉಳಿತಾಯ δ. ಒಂದು ಮೇಲೆ ಹೋಯಿತು, ಖರ್ಚು δ/2. ಕೊನೆಗೆ ಕೈಗೆ ಉಳಿದದ್ದು δ/2. ನಿಕಲ್‌ಗೆ ಇದೇ ಲೆಕ್ಕ ಹಾಕಿ ನೋಡಿ: ಒಂದು ಇಳಿಯುತ್ತದೆ, ಒಂದು ಏರುತ್ತದೆ, ಉಳಿತಾಯ ಸೊನ್ನೆ. ಹಾಗಾಗಿ ಅದು ಸುಮ್ನೆ ನೆಟ್ಟಗೆ ನಿಂತಿರುತ್ತದೆ. ಕೆಳಗಿನ t2g ಮೂರೂ ಸ್ವಲ್ಪ ಬಿರುಕು ಬಿಡುತ್ತವೆ. ಆದರೆ ಅವು ಪೂರ್ತಿ ತುಂಬಿರುವುದರಿಂದ ಅಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಿಗಾಂಡ್‌ಗಳತ್ತ ಅವು ನೇರವಾಗಿ ಚಾಚಿಲ್ಲದ ಕಾರಣ ಬಿರುಕೂ ಸಣ್ಣದು.

ಲಾಭ ಇದೆ ಅಂದ ಮೇಲೆ ಎಳೆಯುತ್ತಲೇ ಹೋಗಬಹುದಲ್ವಾ? ಆಗುವುದಿಲ್ಲ. ಬಂಧ ಉದ್ದವಾದಂತೆ ಅದು ದುರ್ಬಲವಾಗುತ್ತದೆ, ಅದಕ್ಕೂ ಶಕ್ತಿ ತೆರಬೇಕು. ಸ್ವಲ್ಪ ಎಳೆದಾಗ ಎಲೆಕ್ಟ್ರಾನ್‌ಗಳ ಲಾಭ ಎಳೆತದಷ್ಟೇ ಬೆಳೆಯುತ್ತದೆ, ಬಂಧದ ನಷ್ಟ ಎಳೆತದ ವರ್ಗದಷ್ಟು ಬೆಳೆಯುತ್ತದೆ. ಶುರುವಿನಲ್ಲಿ ಲಾಭ ಗೆಲ್ಲುತ್ತದೆ, ಆಮೇಲೆ ನಷ್ಟ ಹಿಡಿದು ನಿಲ್ಲಿಸುತ್ತದೆ. ಎರಡೂ ಸರಿಹೋಗುವ ಜಾಗದಲ್ಲಿ ಅಷ್ಟಮುಖಿ ನೆಲೆ ನಿಲ್ಲುತ್ತದೆ.

## ಗ್ರಾಫ್‌ನಲ್ಲಿ ಒಂದು ಹೋಗಿ ಮೂರು

ಈಗ ಬೆಳಕಿನ ವಿಷಯಕ್ಕೆ ಬರೋಣ. ದ್ರಾವಣದ ಮೂಲಕ ಬೆಳಕು ಹಾಯುವಾಗ ಕೆಳಗಿನ ಆರ್ಬಿಟಲ್‌ನ ಒಂದು ಎಲೆಕ್ಟ್ರಾನ್ ತಕ್ಕಷ್ಟು ಶಕ್ತಿಯ ಬೆಳಕನ್ನು ಹೀರಿ ಮೇಲಕ್ಕೆ ಜಿಗಿಯುತ್ತದೆ. ಜಿಗಿಯಲು ಮೇಲೆ ಜಾಗ ಖಾಲಿ ಇರಬೇಕು. Cu²⁺ ನಲ್ಲಿ ಖಾಲಿ ಇರುವುದು ಒಂದೇ ಒಂದು ಜಾಗ.

ಪಕ್ಕಾ ಅಷ್ಟಮುಖಿಯಾಗಿದ್ದರೆ ಜಿಗಿತ ಒಂದೇ ಬಗೆಯದು: t2g ಯಿಂದ eg ಗೆ, ಶಕ್ತಿ Δ. ಗ್ರಾಫ್‌ನಲ್ಲಿ ಒಂದೇ ದಿಬ್ಬ. ಉದ್ದಕ್ಕೆ ಎಳೆದ ಮೇಲೆ ಖಾಲಿ ಜಾಗ ಇರುವುದು ಎಲ್ಲಕ್ಕಿಂತ ಮೇಲಿನ dx²−y² ನಲ್ಲಿ. ಅಲ್ಲಿಗೆ ಮೂರು ಮೆಟ್ಟಿಲುಗಳಿಂದ ಜಿಗಿಯಬಹುದು. ಹತ್ತಿರದ dz² ನಿಂದ, ಅದಕ್ಕಿಂತ ಕೆಳಗಿನ dxy ನಿಂದ, ಎಲ್ಲಕ್ಕಿಂತ ಕೆಳಗೆ ಜೊತೆಯಾಗಿರುವ dxz ಮತ್ತು dyz ನಿಂದ. ಮೂರು ಜಿಗಿತ ಅಂದರೆ ಮೂರು ದಿಬ್ಬ.

ಆದರೆ ದ್ರಾವಣದಲ್ಲಿ ಮೂರು ದಿಬ್ಬ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಣುಗಳು ಸದಾ ಅಲುಗಾಡುತ್ತಿರುತ್ತವೆ, ಬಂಧಗಳ ಉದ್ದ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಹಾಗಾಗಿ ಒಂದೊಂದು ದಿಬ್ಬವೂ ಹರಡಿಕೊಂಡಿದೆ. ಪಕ್ಕಪಕ್ಕದ ಮೂರು ಮರಳಿನ ರಾಶಿಗಳ ಅಂಚು ಒಂದರೊಳಗೊಂದು ಸೇರಿ ಒಂದೇ ಗುಡ್ಡದಂತೆ ಕಂಡ ಹಾಗೆ. ನಾನು ಕ್ಯುವೆಟ್ ತೊಳೆದು ತೊಳೆದು ನೋಡಿದ ವಾಲಿದ ಗುಡ್ಡ ಇದೇ. ಮೂರನ್ನೂ ಬೇರ್ಪಡಿಸಿ ನೋಡಬೇಕಾದರೆ ಒಂದು ಹರಳನ್ನು ಚೆನ್ನಾಗಿ ತಣ್ಣಗಾಗಿಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಯಿಸಬೇಕು. ತಣ್ಣಗಾದರೆ ದಿಬ್ಬಗಳು ಕಿರಿದಾಗುತ್ತವೆ. ಬೆಳಕಿನ ದಿಕ್ಕು ಬದಲಿಸಿದರೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ.

## ನೆಟ್ಟಗಿದ್ದಿದ್ದರೆ ಬಣ್ಣ ಏನಿರುತ್ತಿತ್ತು?

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಲೆಕ್ಕಕ್ಕೆ ಒಂದು ಅಳತೆ ಬೇಕು. ರಸಾಯನಶಾಸ್ತ್ರದವರು ಬೆಳಕಿನ ಶಕ್ತಿಯನ್ನು cm⁻¹ ನಲ್ಲಿ ಹೇಳುತ್ತಾರೆ. 1,00,00,000 ಅನ್ನು ನ್ಯಾನೋಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಅದು ಸಿಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಶಕ್ತಿ ಜಾಸ್ತಿ.

ನೀರಿನಲ್ಲಿ ಕರಗಿದ Cu²⁺ ನ ಗುಡ್ಡದ ತುದಿ ಸುಮಾರು 800 ನ್ಯಾನೋಮೀಟರ್‌ನಲ್ಲಿದೆ, ಅಂದರೆ 12,500 cm⁻¹. ಕಣ್ಣಿಗೆ ಕಾಣುವ ಕೆಂಪು ಮುಗಿಯುವುದು 700-750ರ ಹತ್ತಿರ. ಹಾಗಾದರೆ ಗುಡ್ಡದ ತುದಿ ಇರುವುದು ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಅದರ ಇಳಿಜಾರು ಮಾತ್ರ ಕೆಂಪಿನೊಳಗೆ ಚಾಚಿದೆ. ಅದು ಕೆಂಪನ್ನು ನುಂಗುತ್ತದೆ, ನಮಗೆ ಉಳಿದ ನೀಲಿ ಕಾಣುತ್ತದೆ.

ತಾಮ್ರ ನೆಟ್ಟಗಿದ್ದಿದ್ದರೆ Δ ಎಷ್ಟಿರುತ್ತಿತ್ತು? ಅಂದಾಜಿಗೆ ಪಕ್ಕದ ನಿಕಲ್ ಸಾಕು. ಆರು ನೀರಿನ ನಿಕಲ್‌ನಲ್ಲಿ Δ ಸುಮಾರು 8,500 cm⁻¹. ತಾಮ್ರಕ್ಕೂ ಅಷ್ಟೇ ಅಂದುಕೊಂಡರೆ ದಿಬ್ಬ ಸುಮಾರು 1,180 ನ್ಯಾನೋಮೀಟರ್‌ನಲ್ಲಿ ಕೂರುತ್ತಿತ್ತು. ಅದು ಅವಕೆಂಪಿನಲ್ಲಿ ಬಹಳ ಆಚೆ. ಕೆಂಪಿನೊಳಗೆ ಅದರ ಬಾಲ ಅಷ್ಟಾಗಿ ತಲುಪುತ್ತಿರಲಿಲ್ಲ, ದ್ರಾವಣ ಹೆಚ್ಚುಕಡಿಮೆ ಬಣ್ಣವಿಲ್ಲದ್ದಾಗಿರುತ್ತಿತ್ತು. ನಿಕಲ್ ದ್ರಾವಣ ಹಸಿರಲ್ವಾ ಅಂತ ಯಾರಾದರೂ ಕೇಳಬಹುದು. ನಿಕಲ್‌ನಲ್ಲಿ ಇನ್ನೆರಡು ದಿಬ್ಬಗಳಿವೆ, ಹಸಿರು ಅವುಗಳದ್ದು. ಒಂಬತ್ತು ಎಲೆಕ್ಟ್ರಾನ್‌ನ ತಾಮ್ರಕ್ಕೆ ಆ ಭಾಗ್ಯ ಇಲ್ಲ.

8,500ರಿಂದ 12,500ಕ್ಕೆ ಏರಿದ್ದು ಹೇಗೆ? ಎಳೆದಾಗ dx²−y² ಮಟ್ಟ δ/2 ನಷ್ಟು ಮೇಲೆ ಹೋಯಿತು ಅಂದೆವು. ಕೆಳಗಿನ ಮೂರರಿಂದ ಅಲ್ಲಿಗೆ ಜಿಗಿಯಲು ಬೇಕಾದ ಶಕ್ತಿಯೂ ಸುಮಾರು ಅಷ್ಟೇ ಏರಬೇಕು. ವ್ಯತ್ಯಾಸ 4,000, ಆದ್ದರಿಂದ δ ಸುಮಾರು 8,000 cm⁻¹. ಹಾಗಾದರೆ dz² ನಿಂದ ಜಿಗಿಯುವ ದಿಬ್ಬ 1,250 ನ್ಯಾನೋಮೀಟರ್ ಕಡೆ ಇರಬೇಕು. ಗುಡ್ಡ ಅವಕೆಂಪಿನ ಕಡೆಗೇ ನಿಧಾನವಾಗಿ ಇಳಿಯುವುದು, ಅತ್ತಲೇ ವಾಲುವುದು ಇದಕ್ಕೆ ಹೊಂದುತ್ತದೆ. ಇದು ಒರಟು ಲೆಕ್ಕ, t2g ಯ ಸಣ್ಣ ಬಿರುಕನ್ನು ಬಿಟ್ಟಿದ್ದೇನೆ, ತಾಮ್ರದ Δ ನಿಕಲ್‌ನಷ್ಟೇ ಅಂತ ಹಿಡಿದಿದ್ದೇನೆ. ಆದರೆ ಗಾತ್ರ ಎಷ್ಟರದು ಅಂತ ತಿಳಿಯಲು ಸಾಕು. ಸೊಟ್ಟಗಾಗುವುದು ಸಣ್ಣ ತಿದ್ದುಪಡಿ ಅಲ್ಲ, δ ಹೆಚ್ಚುಕಡಿಮೆ Δ ನಷ್ಟೇ ದೊಡ್ಡದು.

## ಅಮೋನಿಯಾ, ಒಂದೊಂದಾಗಿ

ಇದೆಲ್ಲ ನಿಜವೇ ಅಂತ ಪರೀಕ್ಷಿಸಲು ಅಮೋನಿಯಾಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಮೋನಿಯಾ ನೀರಿಗಿಂತ ಜೋರಾಗಿ ತಳ್ಳುವ ಲಿಗಾಂಡ್. ಅದು ನೀರನ್ನು ಒಂದೊಂದಾಗಿ ಹೊರಹಾಕಿ ಆ ಜಾಗದಲ್ಲಿ ಕೂರುತ್ತದೆ. ಡೆನ್ಮಾರ್ಕಿನ ಯಾನಿಕ್ ಬ್ಯೆರುಮ್ ಈ ಒಂದೊಂದು ಹೆಜ್ಜೆಯ ಬಲವನ್ನೂ ಅಳೆದು 1941ರಲ್ಲಿ ಪ್ರಕಟಿಸಿದರು.

ಪ್ರತಿ ಹೆಜ್ಜೆಗೂ ಒಂದು ಸಮತೋಲ ಸ್ಥಿರಾಂಕ ಇರುತ್ತದೆ. ಅದು ದೊಡ್ಡದಾದಷ್ಟೂ ಅಮೋನಿಯಾ ಗಟ್ಟಿಯಾಗಿ ಅಂಟಿಕೊಂಡಿದೆ ಅಂತ ಅರ್ಥ. ತಾಮ್ರಕ್ಕೆ ಮೊದಲ ನಾಲ್ಕು ಹೆಜ್ಜೆಗಳ ಲಾಗರಿತಮ್ ಸುಮಾರು 4.1, 3.5, 2.9, 2.1. ಮೆಟ್ಟಿಲಿಳಿದ ಹಾಗೆ ನಿಧಾನವಾಗಿ ಇಳಿಯುತ್ತದೆ. ಐದನೆಯದು −0.5. ಇಲ್ಲಿ ಮೆಟ್ಟಿಲಲ್ಲ, ಪ್ರಪಾತ.

ಇದನ್ನು ಕೈಗೆ ಸಿಗುವ ಅಳತೆಗೆ ತರೋಣ. ನಾಲ್ಕನೆಯ ಹೆಜ್ಜೆಯ ಸ್ಥಿರಾಂಕ ಸುಮಾರು 130. ಅಂದರೆ ಬಿಡಿ ಅಮೋನಿಯಾ ಲೀಟರಿಗೆ ಸುಮಾರು 0.008 ಮೋಲ್ ಇದ್ದರೆ, ಮೂರು ಅಮೋನಿಯಾದ ತಾಮ್ರವೂ ನಾಲ್ಕು ಅಮೋನಿಯಾದ ತಾಮ್ರವೂ ಸಮಸಮ ಇರುತ್ತವೆ. ಐದನೆಯದರ ಸ್ಥಿರಾಂಕ ಸುಮಾರು 0.3. ಅಲ್ಲಿ ಸಮಸಮ ಆಗಬೇಕಾದರೆ ಲೀಟರಿಗೆ 3 ಮೋಲ್ ಬೇಕು, ಸುಮಾರು 400 ಪಟ್ಟು! ನಿಕಲ್‌ನಲ್ಲಿ ಇಂಥ ಪ್ರಪಾತ ಇಲ್ಲ, ಆರೂ ಅಮೋನಿಯಾಗಳು ಒಂದೇ ಇಳಿಜಾರಿನಲ್ಲಿ ಬಂದು ಕೂರುತ್ತವೆ. ತಾಮ್ರದ ಮೊದಲ ನಾಲ್ಕು ಕೂರುವುದು ಹತ್ತಿರದ ಸಮತಲದಲ್ಲಿ. ಐದನೆಯದಕ್ಕೆ ಉಳಿದಿರುವುದು ಉದ್ದಕ್ಕೆ ಎಳೆದ ದುರ್ಬಲ ಜಾಗ. ಅದಕ್ಕೇ ಈ ಪ್ರಪಾತ.

ಗ್ರಾಫ್ ಏನು ಹೇಳುತ್ತದೆ? ಮೊದಲ ನಾಲ್ಕು ಅಮೋನಿಯಾಗಳು ಬಂದಂತೆ ಗುಡ್ಡದ ತುದಿ ಪ್ರತಿ ಸಲವೂ ಎಡಕ್ಕೆ, ಅಂದರೆ ಹೆಚ್ಚು ಶಕ್ತಿಯ ಕಡೆಗೆ ಸರಿಯುತ್ತದೆ. 800ರಿಂದ ಶುರುವಾಗಿ ನಾಲ್ಕು ಸೇರುವ ಹೊತ್ತಿಗೆ ಸುಮಾರು 590-600ಕ್ಕೆ ಬರುತ್ತದೆ. ಈಗ ಗುಡ್ಡದ ತುದಿಯೇ ಕಣ್ಣಿಗೆ ಕಾಣುವ ಕಿತ್ತಳೆಯಲ್ಲಿ ಕೂತಿದೆ. ಎತ್ತರವೂ ಏರಿದೆ: ಲೀಟರಿಗೆ ಒಂದು ಮೋಲ್ ಇರುವ ದ್ರಾವಣದ ಒಂದು ಸೆಂಟಿಮೀಟರಿಗೆ ಲೆಕ್ಕ ಹಾಕಿದ ಮೋಲಾರ್ ಹೀರುವಿಕೆ 12ರ ಆಸುಪಾಸಿನಿಂದ ಸುಮಾರು 50ಕ್ಕೆ. ಕಡುನೀಲಿಗೆ ಈ ಎರಡೂ ಕಾರಣ.

ಇನ್ನೂ ಅಮೋನಿಯಾ ಹಾಕಿದರೆ ಇನ್ನೂ ಎಡಕ್ಕೆ ಹೋಗುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಐದನೆಯದು ಸೇರಿದಾಗ ತುದಿ ವಾಪಸ್ ಬಲಕ್ಕೆ ಓಡುತ್ತದೆ, ಸುಮಾರು 640ಕ್ಕೆ. ಜೋರಾಗಿ ತಳ್ಳುವ ಲಿಗಾಂಡ್ ಇನ್ನೊಂದು ಸೇರಿದರೂ ಜಿಗಿತದ ಶಕ್ತಿ ಕಡಿಮೆಯಾಯಿತು! ಆರ್ಬಿಟಲ್‌ಗಳ ಚಿತ್ರ ಕಣ್ಣ ಮುಂದೆ ಇದ್ದರೆ ಇದು ಗೊಂದಲವಲ್ಲ. ಐದನೆಯ ಅಮೋನಿಯಾ ಮೇಲಿನಿಂದ ಬರುತ್ತದೆ, dz² ಅನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೆ ಜಾಗ ಕೊಡಲು ಸಮತಲದ ನಾಲ್ಕು ಬಂಧಗಳು ಸ್ವಲ್ಪ ಸಡಿಲವಾಗುತ್ತವೆ, ಆಗ dx²−y² ಕೆಳಗಿಳಿಯುತ್ತದೆ. ಜಿಗಿಯಬೇಕಾದ ಎತ್ತರ ಕಡಿಮೆಯಾಗುತ್ತದೆ. ಪಕ್ಕಾ ಅಷ್ಟಮುಖಿಯಲ್ಲಿ ಹೀಗಾಗಲು ಕಾರಣವೇ ಇಲ್ಲ.

## ಲ್ಯಾಬ್‌ನಲ್ಲಿ ಎಡವುವ ಜಾಗಗಳು

ಇದನ್ನು ಮಾಡಿ ನೋಡುವವರಿಗೆ ಕೆಲವು ಮಾತು. ನೀರಿನ ತಾಮ್ರ ಬಹಳ ಕಡಿಮೆ ಹೀರುತ್ತದೆ, ಯಾಕೆಂದರೆ d ಯಿಂದ d ಗೆ ಜಿಗಿಯುವುದಕ್ಕೆ ಸಮಮಿತಿಯ ನಿಯಮದಲ್ಲಿ ಅನುಮತಿ ಇಲ್ಲ. ಅಣುವಿನ ಅಲುಗಾಟದಿಂದ ಸ್ವಲ್ಪ ಕಳ್ಳದಾರಿ ಸಿಗುತ್ತದೆ ಅಷ್ಟೆ. ಹಾಗಾಗಿ ದ್ರಾವಣ ತೀರಾ ತೆಳುವಾಗಿದ್ದರೆ ಏನೂ ಕಾಣುವುದಿಲ್ಲ. 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.05 ಮೋಲಾರ್ ದ್ರಾವಣ ಸುಮಾರು 0.6 ಹೀರುವಿಕೆ ಕೊಡುತ್ತದೆ, ಅದು ಸರಿಯಾದ ಅಳತೆ. ಅಮೋನಿಯಾದ್ದಕ್ಕೆ 0.01 ಮೋಲಾರ್ ಸಾಕು.

ಎರಡನೆಯದು, ಅಮೋನಿಯಾ ಕಡಿಮೆ ಹಾಕಿದರೆ ಮೊದಲು ತಿಳಿ ನೀಲಿ ಗಸಿ ಬರುತ್ತದೆ. ಅದು ಹೈಡ್ರಾಕ್ಸೈಡ್ ಬಗೆಯ ಉಪ್ಪು, ಹೆಚ್ಚು ಅಮೋನಿಯಾದಲ್ಲಿ ಕರಗುತ್ತದೆ. ಕಣ್ಣಿಗೆ ಕಾಣದಷ್ಟು ಗಸಿ ಇದ್ದರೂ ಅದು ಬೆಳಕನ್ನು ಚದುರಿಸಿ ಗ್ರಾಫ್ ಕೆಡಿಸುತ್ತದೆ. ಪತ್ತೆ ಮಾಡುವುದು ಸುಲಭ: 450-500ರ ಕಡೆ ತಾಮ್ರ ಹೆಚ್ಚೇನೂ ಹೀರಬಾರದು. ಅಲ್ಲಿ ಗೆರೆ ನೆಲಕ್ಕೆ ಇಳಿಯದೆ ಎಡಕ್ಕೆ ಹೋದಂತೆ ಏರುತ್ತಿದ್ದರೆ ಗಸಿ ಇದೆ. ಅಮೋನಿಯಂ ನೈಟ್ರೇಟ್ ಬೆರೆಸಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಮೂರನೆಯದು ನಾನೇ ಬಿದ್ದ ಹೊಂಡ. ಸಾಮಾನ್ಯ ಯಂತ್ರಗಳು 1,100 ನ್ಯಾನೋಮೀಟರ್‌ಗೆ ನಿಲ್ಲುತ್ತವೆ. dz² ನ ದಿಬ್ಬ ಅದರಾಚೆ ಇರಬಹುದು. ಜೊತೆಗೆ ನೀರೇ 970ರ ಹತ್ತಿರ ಬೆಳಕು ಹೀರುತ್ತದೆ, 1 ಸೆಂಟಿಮೀಟರ್‌ಗೆ ಸುಮಾರು 0.2. ಹೋಲಿಕೆಗೆ ಇಡುವ ಕ್ಯುವೆಟ್‌ನಲ್ಲಿ ನೀರು ಇಡಲು ಮರೆತರೆ ಅಲ್ಲೊಂದು ಗುಬುಟು ಕಾಣುತ್ತದೆ, ಅದನ್ನೇ ತಾಮ್ರದ ಇನ್ನೊಂದು ದಿಬ್ಬ ಅಂತ ಬರೆದುಬಿಡುತ್ತೇವೆ. ನಾನು ಬರೆದಿದ್ದೆ. ಹಾಗೇ, ಕಂಪ್ಯೂಟರ್‌ನಲ್ಲಿ ಗುಡ್ಡವನ್ನು ಮೂರು ದಿಬ್ಬಗಳಾಗಿ ಒಡೆಸುವುದು ಸುಲಭ, ನಾಲ್ಕಾಗಿ ಒಡೆಸುವುದೂ ಅಷ್ಟೇ ಸುಲಭ. ಗೆರೆ ಚೆನ್ನಾಗಿ ಕೂತಿತು ಅನ್ನುವುದು ಪುರಾವೆ ಆಗುವುದಿಲ್ಲ.

ದ್ರಾವಣದ ಬಗ್ಗೆ ಇನ್ನೊಂದು ಎಚ್ಚರಿಕೆ. ದೂರದ ಎರಡು ನೀರು ಎಷ್ಟು ಸಡಿಲ ಅಂದರೆ, ನೀರಿನಲ್ಲಿ ಕರಗಿದ ತಾಮ್ರದ ಸುತ್ತ ನಿಜಕ್ಕೂ ಆರು ಇವೆಯೋ ಐದೇ ಇವೆಯೋ ಅಂತ ಪರಿಣತರಲ್ಲೇ ವಾದವಿದೆ. ನಾಲ್ಕು ಹತ್ತಿರ, ಉಳಿದದ್ದು ದೂರ ಅನ್ನುವುದರಲ್ಲಿ ವಾದವಿಲ್ಲ.

## ನೆಟ್ಟಗೆ ಕಾಣುವ ಹರಳು

ಕೊನೆಗೆ ಒಂದು ತಂಟೆಯ ಹರಳು: K2Pb[Cu(NO2)6]. ಕೋಣೆಯ ಉಷ್ಣತೆಯಲ್ಲಿ ಎಕ್ಸ್-ರೇ ಹಾಯಿಸಿ ಅಳೆದರೆ ತಾಮ್ರದ ಆರೂ ಬಂಧಗಳು ಸಮ. ಒಂಬತ್ತು ಎಲೆಕ್ಟ್ರಾನ್ ಇಟ್ಟುಕೊಂಡು ಪಕ್ಕಾ ಅಷ್ಟಮುಖಿ! ನಿಯಮ ಸುಳ್ಳಾಯಿತೇ?

ಇಲ್ಲ. ಅಷ್ಟಮುಖಿಯನ್ನು z ದಿಕ್ಕಿನಲ್ಲೇ ಎಳೆಯಬೇಕು ಅಂತೇನಿಲ್ಲ, x ಅಥವಾ y ದಿಕ್ಕಿನಲ್ಲೂ ಎಳೆಯಬಹುದು, ಲಾಭ ಒಂದೇ. ಬಿಸಿ ಸಾಕಷ್ಟಿದ್ದರೆ ತಾಮ್ರ ಈ ಮೂರರ ನಡುವೆ ಬೇಗ ಬೇಗ ಬದಲಾಯಿಸುತ್ತಿರುತ್ತದೆ. ಎಕ್ಸ್-ರೇ ಅಳತೆಗೆ ಸಿಗುವುದು ಇಡೀ ಹರಳಿನ ಸರಾಸರಿ. ತಿರುಗುವ ಫ್ಯಾನ್‌ನ ರೆಕ್ಕೆಗಳು ಒಂದು ದುಂಡು ತಟ್ಟೆಯಂತೆ ಕಾಣುತ್ತವಲ್ಲ, ಹಾಗೆ. ಹರಳನ್ನು ತಣ್ಣಗಾಗಿಸಿದರೆ ಈ ಓಡಾಟ ನಿಂತು ಎಳೆತ ಕಾಣಿಸಿಕೊಳ್ಳುತ್ತದೆ. 1950ರ ಆಸುಪಾಸಿನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬ್ಲೀನಿ ಮತ್ತು ಸಂಗಡಿಗರು ತಾಮ್ರದ ಫ್ಲೂಯೊಸಿಲಿಕೇಟ್ ಹರಳಿನ ಕಾಂತೀಯ ಅಳತೆಗಳಲ್ಲಿ ಇಂಥದ್ದನ್ನೇ ಕಂಡರು. ಬೆಚ್ಚಗಿದ್ದಾಗ ಎಲ್ಲ ದಿಕ್ಕಿನಲ್ಲೂ ಒಂದೇ ಉತ್ತರ, ತಣ್ಣಗಾದ ಮೇಲೆ ದಿಕ್ಕಿಗೊಂದು ಉತ್ತರ.

ಬೆಳಕು ಹೀರುವ ಗ್ರಾಫ್‌ಗೆ ಮಾತ್ರ ಅಷ್ಟೊಂದು ಕಾಯುವ ಅಗತ್ಯ ಇಲ್ಲ. ಎಲೆಕ್ಟ್ರಾನ್ ಜಿಗಿಯುವ ಹೊತ್ತು ಎಷ್ಟು ಚಿಕ್ಕದೆಂದರೆ, ಅಷ್ಟರಲ್ಲಿ ಪರಮಾಣುಗಳು ಅಲುಗಾಡುವುದೇ ಇಲ್ಲ. ಅದು ಫ್ಯಾನ್‌ಗೆ ಫ್ಲ್ಯಾಶ್ ಹೊಡೆದು ತೆಗೆದ ಫೋಟೋದ ಹಾಗೆ, ರೆಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎಕ್ಸ್-ರೇಗೆ ನೆಟ್ಟಗೆ ಕಂಡ ತಾಮ್ರ, ಅದೇ ಕೋಣೆಯಲ್ಲಿ, ಅದೇ ಉಷ್ಣತೆಯಲ್ಲಿ, ಸ್ಪೆಕ್ಟ್ರೊಫೋಟೋಮೀಟರ್‌ಗೆ ಸೊಟ್ಟಗೇ ಕಾಣುತ್ತದೆ.